ಚಳಿಗಾಲದ ಬೆಳಿಗ್ಗೆ ಬಿ.ಸಿ. ಪದರದ ಪ್ರಯೋಗ ಹಾಸು: ಉಷ್ಣತೆ, ಬಿಟುಮಿನ್ ಪ್ರಮಾಣ ಮತ್ತು ಸಾಂದ್ರತೆಯ ವರದಿ

ಚಿತ್ರದುರ್ಗ ಜಿಲ್ಲೆಯ ಒಂದು ರಾಜ್ಯ ಹೆದ್ದಾರಿಯ ಅಗಲೀಕರಣದಲ್ಲಿ ಮೇಲ್ಪದರವಾಗಿ 40 ಮಿ.ಮೀ. ದಪ್ಪದ ಬಿಟುಮಿನಸ್ ಕಾಂಕ್ರೀಟ್, ಅಂದರೆ ಎಲ್ಲರೂ ಬಿ.ಸಿ. ಎಂದು ಕರೆಯುವ ಡಾಂಬರು ಪದರವನ್ನು ಹಾಸಬೇಕಿತ್ತು. ಮುಖ್ಯ ಕಾಮಗಾರಿಗೆ ಮೊದಲು ನಾವು ಮಾಡಿದ ಪ್ರಯೋಗ ಹಾಸಿನ ವಿವರ ಇಲ್ಲಿದೆ. ಮಿಶ್ರಣ ಎರಡನೇ ಗ್ರೇಡಿನದು, ಅದರ ನಾಮಮಾತ್ರ ಗರಿಷ್ಠ ಜಲ್ಲಿಯ ಗಾತ್ರ 13.2 ಮಿ.ಮೀ., ಬಿಟುಮಿನ್ ವಿ.ಜಿ. 30 ದರ್ಜೆಯದು. ಮಾರ್ಷಲ್ ವಿಧಾನದ ವಿನ್ಯಾಸದಿಂದ ಬಂದ ಜಾಬ್ ಮಿಕ್ಸ್ ಫಾರ್ಮುಲಾದಲ್ಲಿ ಬಿಟುಮಿನ್ ಪ್ರಮಾಣ ಒಟ್ಟು ಮಿಶ್ರಣದ ತೂಕದ ಶೇ. 5.5 ಎಂದು ನಿಗದಿಯಾಗಿತ್ತು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಸ್ಪೆಸಿಫಿಕೇಶನ್ನಿನ 2013ರ ಐದನೇ ಪರಿಷ್ಕರಣೆಯೇ ನಮಗೆ ಆಧಾರ. ಅದರ ಪ್ರಕಾರ ಪ್ರಯೋಗ ಹಾಸು ಕನಿಷ್ಠ 100 ಚದರ ಮೀಟರ್ ಇರಬೇಕು ಮತ್ತು ವಿಶೇಷ ಒಪ್ಪಿಗೆ ಇಲ್ಲದಿದ್ದರೆ ಅದು ಮುಖ್ಯ ಕಾಮಗಾರಿಯ ಭಾಗವಾಗಿರಬಾರದು. ತಿರುವನ್ನು ನೇರ ಮಾಡಿದ ಮೇಲೆ ಉಳಿದುಕೊಂಡಿದ್ದ ಹಳೆಯ ರಸ್ತೆಯ ತುಂಡೊಂದರ ಮೇಲೆ ಮುಖ್ಯ ರಸ್ತೆಯಲ್ಲಿರುವಂತೆಯೇ ಡಿ.ಬಿ.ಎಂ., ಅಂದರೆ ಡೆನ್ಸ್ ಬಿಟುಮಿನಸ್ ಮೆಕಾಡಮ್ ಎಂಬ ಕೆಳಗಿನ ಡಾಂಬರು ಪದರ ಹಾಕಿಸಿ ಆ ಜಾಗವನ್ನು ಸಿದ್ಧಮಾಡಿಕೊಂಡಿದ್ದೆವು. ಪ್ರತಿ ಪಟ್ಟಿ 3.5 ಮೀಟರ್ ಅಗಲ, 40 ಮೀಟರ್ ಉದ್ದ. ಒಂದು ಪಟ್ಟಿಗೆ ಸುಮಾರು 13 ಟನ್, ಎಂದರೆ ಒಂದು ಟಿಪ್ಪರ್ ಮಾಲು ಸಾಕು.

ಒಂದು ಪಟ್ಟಿಗೆ ಒಂದೇ ಟಿಪ್ಪರ್ ಎಂಬ ವ್ಯವಸ್ಥೆಯನ್ನು ಬೇಕೆಂದೇ ಇಟ್ಟುಕೊಂಡೆವು. ಹೀಗೆ ಮಾಡಿದರೆ ಆ ಪಟ್ಟಿಯಿಂದ ಕೊರೆದು ತೆಗೆದ ತುಂಡು ಅಂದರೆ ಕೋರ್, ಮಾಲು ಹಾಸುವ ಯಂತ್ರವಾದ ಪೇವರಿನಲ್ಲಿ ತೆಗೆದ ಸಡಿಲ ಮಾಲಿನ ಮಾದರಿ ಮತ್ತು ಪ್ಲಾಂಟಿನ ಪ್ರಿಂಟ್ ಚೀಟಿ ಮೂರೂ ಒಂದೇ ಮಾಲಿಗೆ ಸೇರಿದವು ಎಂದು ಖಚಿತವಾಗಿ ಹೇಳಬಹುದು. ಉಷ್ಣತೆಗೆ ಒಂದು ರಿಜಿಸ್ಟರು, ಬಿಟುಮಿನ್ ಪ್ರಮಾಣಕ್ಕೆ ಇನ್ನೊಂದು, ಸಾಂದ್ರತೆಗೆ ಮತ್ತೊಂದು ಎಂದು ಮೂರನ್ನೂ ಬೇರೆ ಬೇರೆಯಾಗಿ ಬರೆದು ಪ್ರತಿಯೊಂದಕ್ಕೂ ಸರಿ ಎಂದು ಗುರುತು ಹಾಕುವ ರೂಢಿ ನಮ್ಮ ಕಾಮಗಾರಿಗಳಲ್ಲಿ ಬಲವಾಗಿದೆ. ಈ ಪ್ರಯೋಗದಲ್ಲಿ ಆ ರೂಢಿಯಂತೆ ನಡೆದಿದ್ದರೆ ಮೊದಲ ಪಟ್ಟಿ ಪಾಸಾಗುತ್ತಿತ್ತು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಅದು ಪಾಸಾಗಲಿಲ್ಲ.

ಮೊದಲ ಪಟ್ಟಿಯ ಉಷ್ಣತೆ

ಡಿಸೆಂಬರ್ ತಿಂಗಳ ಬೆಳಿಗ್ಗೆ, ಗುಡ್ಡಗಳ ಕಡೆಯಿಂದ ಬೀಸುವ ಗಾಳಿ. ಹಾಸುವ ಜಾಗದ ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಥವಾ ಎರಡು ಮೀಟರ್ ಎತ್ತರದಲ್ಲಿ ಗಾಳಿಯ ವೇಗ ಗಂಟೆಗೆ 40 ಕಿ.ಮೀ. ಮೀರಿದರೆ ಕೆಲಸ ನಿಲ್ಲಿಸಬೇಕೆಂಬ ನಿಯಮವಿದೆ. ಆ ದಿನ ಗಾಳಿಯ ಉಷ್ಣತೆ 17 ಡಿಗ್ರಿ ಇತ್ತು, ಗಾಳಿ ಜೋರಾಗಿದ್ದರೂ ಮಿತಿಯೊಳಗಿತ್ತು. ಆದ್ದರಿಂದ ನಿಯಮದ ಪ್ರಕಾರ ಹಾಸಲು ಅಡ್ಡಿ ಇರಲಿಲ್ಲ. ಆದರೆ ಡಿ.ಬಿ.ಎಂ. ಮೇಲ್ಮೈಯೂ ಅಷ್ಟೇ ತಣ್ಣಗಿತ್ತು. 40 ಮಿ.ಮೀ. ಪದರಕ್ಕೆ ಕೆಳಗಿನಿಂದ ತಣ್ಣನೆಯ ಡಿ.ಬಿ.ಎಂ., ಮೇಲಿನಿಂದ ಗಾಳಿ ಇದ್ದಾಗ ಶಾಖ ಎರಡೂ ಕಡೆಯಿಂದ ಸೋರಿಹೋಗುತ್ತದೆ. ತೆಳು ಪದರಕ್ಕೆ ಚಳಿಗಾಲದ ಬೆಳಗಿನ ಹೊತ್ತು ಪ್ರತಿಕೂಲವಾಗುವುದು ಈ ಕಾರಣಕ್ಕೆ.

ವಿ.ಜಿ. 30 ಬಳಸಿದ ಮಾಲು ಪ್ಲಾಂಟಿನಿಂದ ಹೊರಡುವಾಗ 150ರಿಂದ 165 ಡಿಗ್ರಿಯ ನಡುವೆ ಇರಬೇಕು, ಹಾಸುವಾಗ 140ಕ್ಕಿಂತ ಕಡಿಮೆ ಆಗಬಾರದು, ರೋಲಿಂಗ್ 90 ಡಿಗ್ರಿಗೆ ಇಳಿಯುವ ಮೊದಲು ಪೂರ್ತಿಯಾಗಬೇಕು. ಪ್ಲಾಂಟಿನಲ್ಲಿ ಟಿಪ್ಪರ್ ತುಂಬಿದಾಗ ಮಾಲು 161 ಡಿಗ್ರಿ ತೋರಿಸಿತು. 22 ಕಿ.ಮೀ. ದೂರ ಬಂದು ತಲುಪಿದ ಮೇಲೆ ಟಿಪ್ಪರಿನ ರಾಶಿಯ ನಡುವೆ ಕಡ್ಡಿ ಥರ್ಮಾಮೀಟರನ್ನು ಆಳಕ್ಕೆ ಚುಚ್ಚಿ ನೋಡಿದರೆ 153. ಅದೇ ಟಿಪ್ಪರಿನ ಹಿಂಬಾಗಿಲ ಮಗ್ಗುಲಲ್ಲಿ ಹೆಪ್ಪುಗಟ್ಟಿದ್ದ ಮಾಲು 119. ಟಾರ್ಪಾಲು ಹೊದಿಸಿದ್ದರು, ಆದರೆ ಹಿಂಬದಿ ಕಟ್ಟಿರಲಿಲ್ಲ. ಹೀಗಾಗಿ ದಾರಿಯುದ್ದಕ್ಕೂ ಗಾಳಿ ಒಳಗೆ ನುಗ್ಗಿತ್ತು. ರಿಜಿಸ್ಟರಿನಲ್ಲಿ ರಾಶಿಯ ನಡುವಿನ ಒಂದೇ ಅಂಕಿ ಬರೆದರೆ ಈ 34 ಡಿಗ್ರಿಯ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಈ ಕಾರಣಕ್ಕೆ ಪ್ರತಿ ಟಿಪ್ಪರಿಗೂ ನಡುವೆ ಒಂದು, ಹಿಂಬಾಗಿಲಲ್ಲಿ ಒಂದು ಅಂಕಿ ಬರೆಯುವ ಕ್ರಮ ಇಟ್ಟುಕೊಂಡೆವು.

ಪೇವರಿನ ಹಿಂದೆ ಹಾಸಿದ ಪದರದ ಉಷ್ಣತೆ ಅಳೆಯುವಾಗ ಇನ್ನೊಂದು ಎಚ್ಚರ ಬೇಕು. ಕೈಯಲ್ಲಿ ಹಿಡಿದು ತೋರಿಸುವ ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನು ಮಾತ್ರ ಓದುತ್ತದೆ. ಗಾಳಿ ಬೀಸುತ್ತಿದ್ದ ಆ ಹೊತ್ತಿನಲ್ಲಿ ಗನ್ 128 ತೋರಿಸಿದ ಜಾಗದಲ್ಲಿಯೇ ಕಡ್ಡಿ ಥರ್ಮಾಮೀಟರ್ ಪದರದ ನಡುಮಟ್ಟದಲ್ಲಿ 142 ತೋರಿಸಿತು. ರೋಲರಿಗೆ ಸಂಬಂಧಿಸಿದ್ದು ನಡುಮಟ್ಟದ ಉಷ್ಣತೆ. ಎಲ್ಲಿ ಮಾಲು ಹೆಚ್ಚು ತಣ್ಣಗಾಗಿದೆ ಎಂದು ಬೇಗ ಹುಡುಕುವುದಕ್ಕೆ ಗನ್ ಒಳ್ಳೆಯದು, ದಾಖಲೆಗೆ ಮಾತ್ರ ಕಡ್ಡಿಯ ಅಂಕಿಯೇ ಬೇಕು. ಪಟ್ಟಿಯ ನಡುವಿನ ಒಂದು ಜಾಗದಲ್ಲಿ ಕಡ್ಡಿಯನ್ನು ಆಗಾಗ ಚುಚ್ಚಿ ಗಡಿಯಾರ ನೋಡುತ್ತಾ ಬರೆದೆವು: ಹಾಸಿದ ಕೂಡಲೇ 142, ನಾಲ್ಕು ನಿಮಿಷಕ್ಕೆ 125, ಎಂಟಕ್ಕೆ 111, ಹನ್ನೆರಡಕ್ಕೆ 100, ಹದಿನಾರಕ್ಕೆ 91. ರೋಲರುಗಳಿಗೆ ಸಿಕ್ಕುವ ಒಟ್ಟು ಕಾಲ ಹದಿನಾರು ನಿಮಿಷ.

ಆ ಹದಿನಾರು ನಿಮಿಷ ಹೇಗೆ ಖರ್ಚಾಯಿತು ಎಂಬುದೂ ಬರಹದಲ್ಲಿದೆ. ಟ್ಯಾಂಡಮ್ ರೋಲರ್ ಪೇವರಿನ ಬೆನ್ನಿಗೇ ಬಂದು ತನ್ನ ಪಾಸುಗಳನ್ನು, ಅಂದರೆ ಪದರದ ಮೇಲಿನ ಓಡಾಟಗಳನ್ನು ಮುಗಿಸಿತು. ಅದರ ಹಿಂದೆ ಬರಬೇಕಾದ ಟೈರ್ ರೋಲರ್, ಅಂದರೆ ಪಿ.ಟಿ.ಆರ್., ದೂರದಲ್ಲೇ ನಿಂತಿತ್ತು. "ಸಾರ್, ಈಗಲೇ ಹತ್ತಿಸಿದ್ರೆ ಟೈರಿಗೆ ಮಾಲು ಅಂಟ್ಕೊಳ್ಳುತ್ತೆ, ಸ್ವಲ್ಪ ಆರಲಿ" ಎಂದು ಅದರ ಚಾಲಕರು ಹೇಳಿದರು. ಅವರ ಮಾತು ಅನುಭವದ್ದೇ. ತಣ್ಣಗಿರುವ ಟೈರು ಬಿಸಿ ಮಾಲಿನ ಮೇಲೆ ಹತ್ತಿದರೆ ಬಿಟುಮಿನ್ ಟೈರಿಗೆ ಹಿಡಿದು ಜಲ್ಲಿ ಎದ್ದು ಬರುತ್ತದೆ. ಆದರೆ ಆರಲು ಬಿಟ್ಟ ಕಾಲವೆಲ್ಲ ಹದಿನಾರು ನಿಮಿಷದಿಂದಲೇ ಕಳೆದುಹೋಗುತ್ತದೆ. ಪಿ.ಟಿ.ಆರ್. ಪದರದ ಮೇಲೆ ಹತ್ತಿದಾಗ ನಡುಮಟ್ಟದ ಉಷ್ಣತೆ 104ಕ್ಕೆ ಇಳಿದಿತ್ತು. ಅದರ ಅರ್ಧದಷ್ಟು ಪಾಸುಗಳು 90ರ ಕೆಳಗೆ ನಡೆದವು. ಆ ಪಾಸುಗಳು ಪದರವನ್ನು ನುಣುಪು ಮಾಡುತ್ತವೆ, ಗಟ್ಟಿ ಮಾಡುವುದಿಲ್ಲ.

ಬಿಟುಮಿನ್ ಪ್ರಮಾಣ

ಸಡಿಲ ಮಾಲಿನ ಮಾದರಿಯನ್ನು ಪೇವರಿನಲ್ಲಿ ಮಾಲನ್ನು ಅಗಲಕ್ಕೆ ಹರಡುವ ಆಗರ್ ಹತ್ತಿರ ಬೇರೆ ಬೇರೆ ಕಡೆಯಿಂದ ತೆಗೆದು, ಬೆರೆಸಿ, ನಾಲ್ಕು ಭಾಗ ಮಾಡಿ ಕಡಿಮೆ ಮಾಡಿಕೊಂಡೆವು. ಅದರಲ್ಲಿ ಒಂದು ಪಾಲು ಸೆಂಟ್ರಿಫ್ಯೂಜ್ ಎಕ್ಸ್‌ಟ್ರಾಕ್ಟರಿಗೆ, ಇನ್ನೊಂದು ಪಾಲು ಗರಿಷ್ಠ ಸಾಂದ್ರತೆಯ ಪರೀಕ್ಷೆಗೆ ಹೋಯಿತು.

ಎಕ್ಸ್‌ಟ್ರಾಕ್ಟರಿನ ಕೆಲಸ ಸರಳವಾಗಿದೆ. ತೂಗಿದ ಮಾಲನ್ನು ಬಟ್ಟಲಿಗೆ ಹಾಕಿ, ದ್ರಾವಕ ಸುರಿದು ನೆನೆಸಿ, ಮೇಲೆ ಫಿಲ್ಟರ್ ಪೇಪರಿನ ಉಂಗುರ ಇಟ್ಟು ತಿರುಗಿಸಿದರೆ ಬಿಟುಮಿನ್ ಕರಗಿದ ದ್ರಾವಕ ಹೊರಕ್ಕೆ ಬರುತ್ತದೆ, ಜಲ್ಲಿ ಒಳಗೆ ಉಳಿಯುತ್ತದೆ. ಹೊರಬರುವ ದ್ರಾವಕ ತಿಳಿ ಹುಲ್ಲಿನ ಬಣ್ಣಕ್ಕೆ ತಿರುಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ಕಷ್ಟ ಇರುವುದು ಧೂಳಿನಲ್ಲಿ. ಫಿಲ್ಲರಿನ ಅತಿ ನುಣುಪಾದ ಭಾಗ ಫಿಲ್ಟರ್ ಪೇಪರನ್ನೂ ದಾಟಿ ದ್ರಾವಕದ ಜೊತೆ ಹೊರಗೆ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹೊರಗೆ ಹೋದದ್ದೆಲ್ಲ ಬಿಟುಮಿನ್ ಎಂದೇ ಆಗಿ ಪ್ರಮಾಣ ಹೆಚ್ಚಾಗಿ ಕಾಣುತ್ತದೆ. ಹೊರಬಂದ ದ್ರಾವಕದ ಒಂದು ಭಾಗವನ್ನು ಸುಟ್ಟು ಬೂದಿಯ ತೂಕದಿಂದ ಈ ಧೂಳನ್ನು ಕಂಡುಹಿಡಿಯಬೇಕು. ಹೊತ್ತು ಹಿಡಿಯುವ ಕೆಲಸವಾದ್ದರಿಂದ ಸೈಟ್ ಪ್ರಯೋಗಾಲಯಗಳಲ್ಲಿ ಬಹಳ ಸಲ ಬಿಟ್ಟುಹೋಗುವ ಹಂತ ಇದೇ.

ಮೊದಲ ಪಟ್ಟಿಯ ಲೆಕ್ಕ ಹೀಗಿದೆ. ಮಾಲಿನ ತೂಕ 1200.0 ಗ್ರಾಂ. ತೊಳೆದು ಒಣಗಿಸಿದ ಜಲ್ಲಿ 1130.6 ಗ್ರಾಂ. ಫಿಲ್ಟರ್ ಪೇಪರಿನಲ್ಲಿ ಹೆಚ್ಚಾದ ತೂಕ 1.8 ಗ್ರಾಂ. ಇಷ್ಟಕ್ಕೇ ನಿಲ್ಲಿಸಿದರೆ ಬಿಟುಮಿನ್ 67.6 ಗ್ರಾಂ, ಅಂದರೆ ಶೇ. 5.63. ಜಾಬ್ ಮಿಕ್ಸಿನ 5.5ಕ್ಕೆ ಇದು ಹತ್ತಿರ, ಶೇ. 0.3ರ ಏರಿಳಿತದ ಮಿತಿಯೊಳಗೆ ಆರಾಮವಾಗಿದೆ. ಆದರೆ ಬೂದಿಯಿಂದ ಸಿಕ್ಕ ಧೂಳು 4.4 ಗ್ರಾಂ. ಅದನ್ನು ಕಳೆದರೆ ಬಿಟುಮಿನ್ 63.2 ಗ್ರಾಂ, ಅಂದರೆ ಶೇ. 5.27. ಮಿತಿಯ ಕೆಳಗಿನ ಅಂಚಾದ 5.2ರ ಪಕ್ಕದಲ್ಲೇ ಇದೆ. ಪ್ಲಾಂಟಿನ ಪ್ರಿಂಟ್ ಚೀಟಿ ಮಾತ್ರ ಪ್ರತಿ ಬ್ಯಾಚಿಗೂ 5.5 ಎಂದೇ ಹೇಳುತ್ತಿತ್ತು.

ಕಣ್ಣಿಗೂ ಒಂದಿಷ್ಟು ಸೂಚನೆ ಸಿಕ್ಕಿತ್ತು. ಬಿಟುಮಿನ್ ಸಾಕಷ್ಟಿರುವ ಮಾಲು ಟಿಪ್ಪರಿನಲ್ಲಿ ಸ್ವಲ್ಪ ಹರಡಿಕೊಂಡು ಕುಳಿತುಕೊಳ್ಳುತ್ತದೆ, ಅದರ ಮೈ ಕಪ್ಪಾಗಿ ಮಿನುಗುತ್ತದೆ. ಈ ಟಿಪ್ಪರಿನ ರಾಶಿ ಚೂಪಾಗಿ ನಿಂತಿತ್ತು, ಮಾಲಿನ ಬಣ್ಣ ಮಂಕಾಗಿತ್ತು. ತಣ್ಣಗಾದ ಮಾಲೂ ಹೀಗೆಯೇ ಕಾಣುತ್ತದೆಯಾದ್ದರಿಂದ ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ.

ಸಾಂದ್ರತೆ, ಮತ್ತು ಯಾವುದಕ್ಕೆ ಹೋಲಿಸಬೇಕು ಎಂಬುದು

ಮರುದಿನ ಬೆಳಿಗ್ಗೆ ಪದರ ಪೂರ್ತಿ ತಣ್ಣಗಾದ ಮೇಲೆ 150 ಮಿ.ಮೀ. ವ್ಯಾಸದ ಐದು ಕೋರುಗಳನ್ನು ಪಟ್ಟಿಯ ಉದ್ದಕ್ಕೂ ತೆಗೆದೆವು. ಕೋರಿನ ಅಡಿಗೆ ಡಿ.ಬಿ.ಎಂ. ಅಂಟಿಕೊಂಡು ಬಂದಿದ್ದರೆ ಅದನ್ನು ಗರಗಸದಿಂದ ಕತ್ತರಿಸಿ ಬಿ.ಸಿ. ಭಾಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಉಳಿದರೆ ಸಿಗುವ ಸಾಂದ್ರತೆ ಎರಡು ಪದರಗಳ ಬೆರಕೆಯಾಗುತ್ತದೆ. ಕೊರೆಯುವಾಗ ಹೋದ ನೀರು ಆರುವಂತೆ ಕೋರನ್ನು ಹದವಾದ ಶಾಖದಲ್ಲಿ, ತೂಕ ಬದಲಾಗದೆ ನಿಲ್ಲುವ ತನಕ ಒಣಗಿಸಬೇಕು. ಒಲೆಯ ಉಷ್ಣತೆ ಹೆಚ್ಚಾದರೆ ಕೋರು ಕುಸಿದು ಆಕಾರ ಕೆಡುತ್ತದೆ.

ಎರಡನೇ ಕೋರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಣ ತೂಕ 1604.2 ಗ್ರಾಂ, ನೀರಿನಲ್ಲಿ ಮುಳುಗಿಸಿದಾಗ 905.6, ನೀರು ಕುಡಿದ ಮೇಲೆ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೂಗಿದಾಗ 1608.0. ಕಡೆಯ ಎರಡರ ವ್ಯತ್ಯಾಸವಾದ 702.4 ಅದರ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ 2.284. ಕೋರು ಕುಡಿದ ನೀರು ಅದರ ಗಾತ್ರದ ಶೇ. 0.5ರಷ್ಟೇ ಇದ್ದುದರಿಂದ ಈ ವಿಧಾನವೇ ಸಾಕು, ಶೇ. 2ಕ್ಕಿಂತ ಹೆಚ್ಚಿದ್ದರೆ ಮೇಣ ಅಥವಾ ಪ್ಯಾರಾಫಿಲ್ಮ್ ಲೇಪಿಸಿ ತೂಗಬೇಕಾಗುತ್ತಿತ್ತು. ಐದೂ ಕೋರುಗಳು ಪಟ್ಟಿಯ ಆರಂಭದಿಂದ ಕೊನೆಯವರೆಗೆ ಕ್ರಮವಾಗಿ 2.270, 2.284, 2.292, 2.285, 2.274. ಸರಾಸರಿ 2.281.

ಈ ಸರಾಸರಿಯನ್ನು ಮಾಲಿನ ಗರಿಷ್ಠ ಸಾಂದ್ರತೆಗೆ, ಎಂದರೆ ಒಳಗೆ ಗಾಳಿಯೇ ಇಲ್ಲದಿದ್ದರೆ ಅದೇ ಮಾಲಿಗೆ ಬರುವ ಸಾಂದ್ರತೆಗೆ ಹೋಲಿಸಿ ಕನಿಷ್ಠ ಶೇ. 92 ಇದೆಯೇ ಎಂದು ನೋಡಬೇಕು. ವಿನ್ಯಾಸದ ವರದಿಯಲ್ಲಿ ಆ ಅಂಕಿ 2.476 ಎಂದಿತ್ತು. 2.281ನ್ನು ಅದರಿಂದ ಭಾಗಿಸಿದರೆ ಶೇ. 92.1. ಅಂಚಿನಲ್ಲಾದರೂ ಪಾಸು. ಆದರೆ ಸ್ಪೆಸಿಫಿಕೇಶನ್ ಹೇಳುವುದು ಆ ದಿನದ ಸಡಿಲ ಮಾಲಿನಿಂದ, ಎ.ಎಸ್.ಟಿ.ಎಂ. ಡಿ 2041 ಪ್ರಕಾರ ಪಡೆದ ಅಂಕಿಯನ್ನು. ಸಡಿಲ ಮಾಲನ್ನು ಕೈಯಿಂದ ಬಿಡಿಬಿಡಿ ಮಾಡಿ, ನೀರಿನಲ್ಲಿ ಮುಳುಗಿಸಿ, ನಿರ್ವಾತ ಪಂಪಿನಿಂದ ಹದಿನೈದು ನಿಮಿಷದಷ್ಟು ಅಲುಗಾಡಿಸುತ್ತಾ ಒಳಗಿನ ಗಾಳಿಯನ್ನು ಹೊರಗೆಳೆದು ತೂಗುವ ಪರೀಕ್ಷೆ ಅದು. ಒಣ ಮಾಲು 1520.0 ಗ್ರಾಂ, ನೀರು ತುಂಬಿದ ಪಾತ್ರೆ 7412.0, ಮಾಲು ಮತ್ತು ನೀರು ಸೇರಿದ ಪಾತ್ರೆ 8320.3.

```
Gmm = 1520.0 / (1520.0 + 7412.0 - 8320.3) = 2.485
```

ಆ ದಿನದ ಅಂಕಿ 2.485. ಇದಕ್ಕೆ ಹೋಲಿಸಿದರೆ ಪಟ್ಟಿಯ ಸರಾಸರಿ ಶೇ. 91.8, ಅಂದರೆ ಪದರದಲ್ಲಿ ಗಾಳಿಯ ಪಾಲು ಶೇ. 8.2. ಪಟ್ಟಿ ಪಾಸಾಗಲಿಲ್ಲ.

ಎರಡು ಅಂಕಿಗಳ ನಡುವಿನ ವ್ಯತ್ಯಾಸ 0.009 ಮಾತ್ರ. ಅದು ಎಲ್ಲಿಂದ ಬಂತು ಎಂಬುದೇ ಈ ವರದಿಯ ಮುಖ್ಯ ವಿಷಯ. ಬಿಟುಮಿನ್ ಹಗುರ, ಜಲ್ಲಿ ಭಾರ. ಆದ್ದರಿಂದ ಮಾಲಿನಲ್ಲಿ ಬಿಟುಮಿನ್ ಕಡಿಮೆಯಾದಷ್ಟೂ ಗರಿಷ್ಠ ಸಾಂದ್ರತೆ ಏರುತ್ತದೆ. ನಮ್ಮ ವಿನ್ಯಾಸದಲ್ಲಿ ಜಲ್ಲಿಯ ಪರಿಣಾಮಕಾರಿ ಸಾಪೇಕ್ಷ ಸಾಂದ್ರತೆ 2.700, ಬಿಟುಮಿನ್ನಿನದು 1.02. ಈ ಎರಡನ್ನು ಬಳಸಿ 2.485ರಿಂದ ಬಿಟುಮಿನ್ನಿನ ಶೇಕಡಾ ಪ್ರಮಾಣಕ್ಕೆ ಹಿಂದಕ್ಕೆ ಲೆಕ್ಕ ಹಾಕಿದರೆ:

```
Pb = (100/2.485 - 100/2.700) / (1/1.02 - 1/2.700) = 5.25
```

ಬೂದಿಯ ತಿದ್ದುಪಡಿ ಮಾಡಿದ ಎಕ್ಸ್‌ಟ್ರಾಕ್ಷನ್ 5.27 ಎಂದಿತ್ತು. ದ್ರಾವಕವನ್ನೇ ಮುಟ್ಟದ, ನೀರು ಮತ್ತು ತಕ್ಕಡಿಯನ್ನು ಮಾತ್ರ ನಂಬಿದ ಇನ್ನೊಂದು ಪರೀಕ್ಷೆ 5.25 ಎನ್ನುತ್ತಿದೆ. ತಿದ್ದುಪಡಿ ಮಾಡದ 5.63 ಸರಿಯಾಗಿದ್ದಿದ್ದರೆ ಗರಿಷ್ಠ ಸಾಂದ್ರತೆ 2.471ರ ಸುಮಾರಿಗೆ ಬರಬೇಕಾಗಿತ್ತು. ಈ ಹಿಮ್ಮುಖ ಲೆಕ್ಕಕ್ಕೆ ಮಿತಿಯೂ ಇದೆ. ಗರಿಷ್ಠ ಸಾಂದ್ರತೆಯಲ್ಲಿ 0.01 ಬದಲಾದರೆ ಬಿಟುಮಿನ್ ಶೇ. 0.27ರಷ್ಟು ಬದಲಾದಂತೆ ಕಾಣುತ್ತದೆ, ಒಬ್ಬರೇ ಎರಡು ಸಲ ಮಾಡಿದ ಪರೀಕ್ಷೆಗಳ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ ಅಂತರ ಬರಬಹುದು. ಜಲ್ಲಿಯ ಕ್ವಾರಿ ಬದಲಾಗಿದ್ದರೆ 2.700 ಎಂಬುದೂ ನಿಲ್ಲುವುದಿಲ್ಲ. ಆದ್ದರಿಂದ ಇದೊಂದರ ಮೇಲೆ ಯಾರನ್ನೂ ದೂರಲು ಬರುವುದಿಲ್ಲ. ಎಕ್ಸ್‌ಟ್ರಾಕ್ಷನ್ ಮತ್ತು ಇದು ಒಂದೇ ದಿಕ್ಕನ್ನು ತೋರಿಸಿದಾಗ ಮಾತ್ರ ಪ್ಲಾಂಟಿಗೆ ಹೋಗಿ ಹುಡುಕಲು ಆಧಾರ ಸಿಗುತ್ತದೆ.

ಪಟ್ಟಿಯ ಎರಡು ತುದಿಗಳ ಕೋರುಗಳು ಕಡಿಮೆ ಬಂದದ್ದಕ್ಕೆ ಕಾರಣ ಉಷ್ಣತೆಯ ರಿಜಿಸ್ಟರಿನಲ್ಲಿತ್ತು. ಆರಂಭದ ಭಾಗಕ್ಕೆ ಹಿಂಬಾಗಿಲಿನ ಹೆಪ್ಪುಗಟ್ಟಿದ ಮಾಲು ಬಿದ್ದಿತ್ತು, ಅಲ್ಲಿ ಪೇವರಿನ ಹಿಂದೆ 131 ಡಿಗ್ರಿ. ಕೊನೆಯ ಭಾಗದಲ್ಲಿ ಟಿಪ್ಪರಿನಿಂದ ಮಾಲು ತುಂಬಿಕೊಳ್ಳುವ ಪೇವರಿನ ಹಾಪರ್ ರೆಕ್ಕೆಗಳನ್ನು ಮಡಚಿ, ಮೂಲೆಗಳಲ್ಲಿ ನಿಂತು ತಣ್ಣಗಾಗಿದ್ದ ಮಾಲನ್ನು ಒಳಕ್ಕೆ ಬೀಳಿಸಿದ್ದರು, ಅಲ್ಲಿ 128. ಎರಡೂ 140ರ ಕೆಳಗೆ. ಬಿಟುಮಿನ್ ಕೊರತೆ ಇಡೀ ಪಟ್ಟಿಯದು, ಉಷ್ಣತೆಯ ಕೊರತೆ ಮುಖ್ಯವಾಗಿ ತುದಿಗಳದು, ಪಿ.ಟಿ.ಆರ್. ತಡವಾದದ್ದು ಮತ್ತೆ ಇಡೀ ಪಟ್ಟಿಯದು. ಮೂರೂ ಒಂದರ ಮೇಲೊಂದು ಕೂತು 2.281 ಎಂಬ ಒಂದೇ ಅಂಕಿಯಾಗಿ ಹೊರಬಂದಿದ್ದವು.

ಎರಡನೇ ಪಟ್ಟಿ, ಮತ್ತು ತೂಕದ ಬಕೆಟ್

ಮೊದಲ ದಿನವೇ ಹೊತ್ತು ಏರಿದ ಮೇಲೆ ಎರಡನೇ ಪಟ್ಟಿಯನ್ನು ಅದೇ ರೋಲರ್ ಕ್ರಮದಲ್ಲಿ ಹಾಸಿದ್ದೆವು. ಅದರ ಬಿಟುಮಿನ್ 5.49, ಗರಿಷ್ಠ ಸಾಂದ್ರತೆ 2.476, ಕೋರುಗಳ ಸರಾಸರಿ 2.306, ಅಂದರೆ ಶೇ. 93.1. ಈ ಪಟ್ಟಿ ಪಾಸಾಯಿತು ಎಂದು ಪ್ರಯೋಗ ಮುಗಿಸಬಹುದಿತ್ತು. ಆದರೆ ಆ ಹೊತ್ತಿಗೆ ಬಿಸಿಲು ಬಿದ್ದು ಡಿ.ಬಿ.ಎಂ. ಬೆಚ್ಚಗಾಗಿತ್ತು, ಗಾಳಿ ಇಳಿದಿತ್ತು, ಮಾಲು 90ಕ್ಕೆ ಇಳಿಯಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿದಿತ್ತು. ಮುಖ್ಯ ಕಾಮಗಾರಿ ಶುರುವಾಗುವುದು ಬೆಳಗಿನ ಹೊತ್ತಿಗೇ ಆದ್ದರಿಂದ ಬೆಳಗಿನ ಹೊತ್ತಿನಲ್ಲಿ ನಿಲ್ಲುವ ಕ್ರಮ ಬೇಕಿತ್ತು. ಬೆಳಿಗ್ಗೆ ಕಡಿಮೆ ಇದ್ದ ಬಿಟುಮಿನ್ ಹೊತ್ತೇರಿದ ಮೇಲೆ ತಾನಾಗಿಯೇ ಸರಿಹೋದದ್ದು ಪ್ಲಾಂಟಿನ ಕಡೆಗೆ ಬೆರಳು ತೋರಿಸುತ್ತಿತ್ತು.

ಅದು ಬ್ಯಾಚ್ ಪ್ಲಾಂಟ್. ಪ್ರತಿ ಬ್ಯಾಚ್ 1000 ಕೆ.ಜಿ., ಅದರಲ್ಲಿ ಬಿಟುಮಿನ್ 55. ಉತ್ಪಾದನೆ ಶುರುವಾಗುವ ಮೊದಲು ಬಿಟುಮಿನ್ ತೂಗುವ ಬಕೆಟ್ಟಿನ ಕೆಳಗೆ ಖಾಲಿ ಡ್ರಮ್ ಇಟ್ಟು, ಮಿಕ್ಸರಿಗೆ ಹೋಗಬೇಕಾದ ಬಿಟುಮಿನ್ನನ್ನು ಡ್ರಮ್ಮಿಗೆ ಬಿಡಿಸಿ, ಬೇರೆ ತಕ್ಕಡಿಯಲ್ಲಿ ತೂಗಿಸಿದೆವು. ಚೀಟಿಯಲ್ಲಿ 55.0, ಡ್ರಮ್ಮಿನಲ್ಲಿ 52.6. ಉಳಿದ ಎರಡೂಕಾಲು ಕೆ.ಜಿ.ಗೂ ಮಿಕ್ಕ ಬಿಟುಮಿನ್ ಬಕೆಟ್ಟಿನ ಒಳಮೈಗೆ ದಪ್ಪವಾಗಿ ಮೆತ್ತಿಕೊಂಡಿತ್ತು. ಬಕೆಟ್ಟನ್ನು ಬೆಚ್ಚಗಿಡುವ ಬಿಸಿ ಎಣ್ಣೆಯ ಹೊದಿಕೆಗೆ ಬೆಳಗಿನ ಹೊತ್ತು ಎಣ್ಣೆ ಸಾಕಷ್ಟು ಹರಿಯುತ್ತಿರಲಿಲ್ಲ. ಹೀಗೆ ಮೆತ್ತಿಕೊಂಡ ಉಳಿಕೆಯನ್ನು ಪ್ರತಿ ಬ್ಯಾಚಿಗೂ ಕಳೆದು ಸೊನ್ನೆಯಿಂದ ಶುರುಮಾಡುವ ವ್ಯವಸ್ಥೆ ಕಂಟ್ರೋಲ್ ಪ್ಯಾನೆಲ್ಲಿನಲ್ಲಿದ್ದರೂ ಅದು ಆಫ್ ಆಗಿತ್ತು. ಹೀಗಾಗಿ ಬಕೆಟ್ 55 ತೋರಿಸುವ ತನಕ ತುಂಬುತ್ತಿತ್ತು, ಆ 55ರಲ್ಲಿ ಹಳೆಯ ಉಳಿಕೆಯೂ ಸೇರಿರುತ್ತಿತ್ತು. ಚೀಟಿ ಹೇಳುವುದು ತುಂಬಿದ ತೂಕವನ್ನು, ಮಾಲಿಗೆ ಬಿದ್ದದ್ದನ್ನಲ್ಲ. ಎಣ್ಣೆಯನ್ನು ಒಂದು ತಾಸು ಮೊದಲೇ ಹರಿಸಿ, ಸೊನ್ನೆಗೆ ತರುವ ವ್ಯವಸ್ಥೆಯನ್ನು ಆನ್ ಮಾಡಿಸಿ ಮತ್ತೆ ತೂಗಿದಾಗ ಡ್ರಮ್ಮಿನಲ್ಲಿ 54.9 ಬಂತು.

ಮೂರನೇ ಪಟ್ಟಿ

ಮೂರನೇ ಪಟ್ಟಿಯನ್ನು ಮೊದಲನೆಯದು ಹಾಸಿದ ಹೊತ್ತಿಗೇ, ಅಷ್ಟೇ ಚಳಿ ಮತ್ತು ಗಾಳಿಯಲ್ಲಿ ಹಾಸಿದೆವು. ಪದರ ತಣ್ಣಗಾದ ವೇಗವೂ ಹೆಚ್ಚು ಕಡಿಮೆ ಅಷ್ಟೇ ಇತ್ತು. ಟಿಪ್ಪರಿನ ಟಾರ್ಪಾಲನ್ನು ಎರಡು ಪದರ ಮಾಡಿ ಹಿಂಬದಿಯನ್ನೂ ಕೆಳಗಿನ ತನಕ ಎಳೆದು ಕಟ್ಟಿಸಿದೆವು. ಅದರಿಂದ ಹಿಂಬಾಗಿಲಿನ ಮಾಲು 138ಕ್ಕೆ ಏರಿತು. ಆದರೂ ಮೊದಲು ಬೀಳುವ ಒಂದಿಷ್ಟು ಮಾಲನ್ನು ಹಾಸದೆ ಬದಿಗೆ ತೆಗೆಸಿದೆವು. ಹಾಪರ್ ರೆಕ್ಕೆಗಳನ್ನು ಮಡಚುವುದನ್ನು ನಿಲ್ಲಿಸಿದೆವು.

ಪಿ.ಟಿ.ಆರ್. ವಿಷಯದಲ್ಲಿ ಅದರ ಚಾಲಕರ ಸಲಹೆಯೇ ಉಪಯೋಗಕ್ಕೆ ಬಂತು. ಟೈರುಗಳು ಬಿಸಿಯಾದರೆ ಅಂಟುವುದಿಲ್ಲ, ಆದ್ದರಿಂದ ಮೊದಲೇ ಬಿಸಿ ಮಾಡಿಕೊಳ್ಳೋಣ ಎಂದು ಅವರು ಹೇಳಿದರು. ಬದಿಗೆ ತೆಗೆಸಿದ ಮಾಲನ್ನೇ ಪಕ್ಕದಲ್ಲಿ ತೆಳುವಾಗಿ ಹರಡಿ ಅದರ ಮೇಲೆ ಪಿ.ಟಿ.ಆರ್.ನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಟೈರುಗಳ ಸುತ್ತ ಗಾಳಿ ತಡೆಯಲು ಗೋಣಿ ತಟ್ಟಿನ ಪರದೆ ಕಟ್ಟಿದರು. ಟೈರಿಗೆ ಸಾಬೂನು ನೀರನ್ನು ಒರೆಸುವಷ್ಟು ಮಾತ್ರ ಬಳಸಿದೆವು, ಡೀಸೆಲ್ ಹತ್ತಿರಕ್ಕೂ ಬಿಡಲಿಲ್ಲ. ಅದು ಬಿಟುಮಿನ್ನನ್ನು ಕರಗಿಸಿ ಪದರದ ಮೇಲ್ಮೈಯನ್ನು ಕೆಡಿಸುತ್ತದೆ. ಹೀಗೆ ಪಿ.ಟಿ.ಆರ್. ಟ್ಯಾಂಡಮ್ಮಿನ ಬೆನ್ನಿಗೇ, ಪದರ 122 ಡಿಗ್ರಿ ಇರುವಾಗ ಹತ್ತಿತು ಮತ್ತು ಅದರ ಪಾಸುಗಳೆಲ್ಲ 95ರ ಮೇಲೆಯೇ ಮುಗಿದವು. ಆರಂಭದಲ್ಲಿ ಒಂದೆರಡು ಕಡೆ ಸಣ್ಣದಾಗಿ ಮಾಲು ಅಂಟಿತು, ಟೈರು ಇನ್ನಷ್ಟು ಬಿಸಿಯಾದ ಮೇಲೆ ನಿಂತಿತು.

ಬಿಟುಮಿನ್ 5.46, ಗರಿಷ್ಠ ಸಾಂದ್ರತೆ 2.477, ಕೋರುಗಳ ಸರಾಸರಿ 2.326, ಅಂದರೆ ಶೇ. 93.9. ಎರಡು ತುದಿಗಳ ಕೋರುಗಳೂ ಶೇ. 93 ದಾಟಿದ್ದವು. ಟ್ಯಾಂಡಮ್ಮಿನ ಪಾಸುಗಳ ಸಂಖ್ಯೆಯನ್ನಾಗಲಿ ಪಿ.ಟಿ.ಆರ್. ಪಾಸುಗಳ ಸಂಖ್ಯೆಯನ್ನಾಗಲಿ ಹೆಚ್ಚಿಸಿರಲಿಲ್ಲ, ಅವು ನಡೆದ ಉಷ್ಣತೆ ಮಾತ್ರ ಬದಲಾಗಿತ್ತು.

ಮುಖ್ಯ ಕಾಮಗಾರಿಗೆ ಅನುಮೋದನೆಗೆಂದು ಕಳುಹಿಸಿದ್ದು ಮೂರನೇ ಪಟ್ಟಿಯ ಕ್ರಮವನ್ನೇ. ಅದರ ಜೊತೆಗೆ ಮೂರು ಷರತ್ತುಗಳನ್ನು ಸೇರಿಸಿದ್ದೇವೆ: ಪ್ರತಿದಿನ ಮೊದಲ ಬ್ಯಾಚಿಗೆ ಮುಂಚೆ ಬಿಟುಮಿನ್ ಬಕೆಟ್ಟಿನ ಡ್ರಮ್ ತೂಕ ನಡೆಯಬೇಕು, ಎಕ್ಸ್‌ಟ್ರಾಕ್ಷನ್ ವರದಿಯಲ್ಲಿ ಬೂದಿಯ ತಿದ್ದುಪಡಿ ಬೇರೆ ಸಾಲಿನಲ್ಲಿ ಕಾಣಬೇಕು, ಮತ್ತು ಕೋರಿನ ಶೇಕಡಾವಾರನ್ನು ಅದೇ ದಿನದ ಸಡಿಲ ಮಾಲಿನ ಗರಿಷ್ಠ ಸಾಂದ್ರತೆಗೆ ಮಾತ್ರ ಹೋಲಿಸಬೇಕು. ಮೊದಲ ಪಟ್ಟಿಯನ್ನು ಕಿತ್ತು ತೆಗೆಯಲು ತೀರ್ಮಾನವಾಗಿದೆ.